‘ನಾವೇ ಜವಾಬ್ದಾರರು’ ಎಂಬ ಸಾಲಿನಲ್ಲಿ ಆ ‘ನಾವು’ ಯಾರು?

‘ವೈದ್ಯರು ರಕ್ತ ಹಾಕಿಸಿಕೊಳ್ಳಲು ಸಲಹೆ ನೀಡಿರುತ್ತಾರೆ. ನಾವು ನಿರಾಕರಿಸಿರುತ್ತೇವೆ. ಮುಂದೆ ಆಗುವ ಯಾವುದೇ ತೊಂದರೆಗೆ ನಾವೇ ಜವಾಬ್ದಾರರು. ಇದಕ್ಕೆ ಆಸ್ಪತ್ರೆಯಾಗಲಿ ವೈದ್ಯರಾಗಲಿ ಹೊಣೆಯಲ್ಲ.’

ರಕ್ತ ಬೇಡ ಎಂದ ರೋಗಿಯ ಕಡೆಯಿಂದ ಬರೆಸಿಕೊಳ್ಳುವ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ. ಕೆಲವು ಕಡೆ ಅಚ್ಚಾದ ನಮೂನೆ ಇರುತ್ತದೆ, ಕೆಲವು ಕಡೆ ಕೇಸ್‌ಶೀಟಿನ ಹಿಂಬದಿಯಲ್ಲಿ ಬರೆದು ಸಹಿ ಹಾಕಿಸುತ್ತಾರೆ. ಆ ನಾಲ್ಕು ಸಾಲುಗಳಲ್ಲಿ ಎರಡು ಸಾಲು ಹೊಣೆಯ ಬಗ್ಗೆಯೇ ಇವೆ. ಬೇಡ ಎಂದವರು ಯಾರು, ಯಾವುದನ್ನು ಬೇಡ ಎಂದರು, ಯಾವ ಸ್ಥಿತಿಗೆ ಆ ಮಾತು ಅನ್ವಯಿಸುತ್ತದೆ, ರಕ್ತದ ಬದಲು ಏನು ಚಿಕಿತ್ಸೆ ಕೊಡುತ್ತಾರೆ ಎಂಬ ನಾಲ್ಕು ಸಂಗತಿಗಳಲ್ಲಿ ಒಂದೂ ಅಲ್ಲಿ ಸಿಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಬದಲಾಗಿ ಬಂದ ವೈದ್ಯರಿಗೆ ಬೇಕಾದದ್ದು ಈ ನಾಲ್ಕೇ. ಈ ಒಕ್ಕಣೆಯನ್ನು ಬದಲಿಸಬೇಕು ಎಂಬುದು ನಮ್ಮ ವಾದ.

ಇದು ಬರೀ ಭಾಷೆಯ ತಕರಾರಲ್ಲ. ಇಂಥದೇ ಒಂದು ಫಾರಂ 1992ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದಿತ್ತು. ‘ರೀ ಟಿ’ ಎಂದು ಕರೆಯುವ ಆ ಪ್ರಕರಣದ ಯುವತಿಗೆ 20 ವರ್ಷ. 34 ವಾರದ ಗರ್ಭಿಣಿಯಾಗಿದ್ದಾಗ ವಾಹನ ಅಪಘಾತವಾಗಿ, ಆಮೇಲೆ ಆಸ್ಪತ್ರೆ ಸೇರಿದ್ದಳು. ಅವಳ ತಾಯಿ ರಕ್ತ ಪಡೆಯುವುದನ್ನು ಒಪ್ಪದ ಧರ್ಮಪಂಥಕ್ಕೆ ಸೇರಿದವರು, ಮಗಳು ಆ ಪಂಥದ ಸದಸ್ಯೆಯಲ್ಲ. ತಾಯಿಯೊಂದಿಗೆ ಒಬ್ಬಳೇ ಮಾತಾಡಿದ ಮೇಲೆ ಅವಳು ತನಗೆ ರಕ್ತ ಬೇಡ ಎಂದಳು. ರಕ್ತಕ್ಕೆ ಬದಲಿ ಏನಾದರೂ ಇದೆಯೇ ಎಂದೂ ಕೇಳಿದಳು. ಬೇರೆ ದ್ರವಗಳಿವೆ, ಸಿಸೇರಿಯನ್‌ಗೆ ಸಾಮಾನ್ಯವಾಗಿ ರಕ್ತದ ಅಗತ್ಯ ಬೀಳುವುದಿಲ್ಲ ಎಂಬ ಅರ್ಥದ ಉತ್ತರ ಸಿಕ್ಕಿತು. ಫಾರಂ ಕೊಟ್ಟರು, ಅವಳು ಸಹಿ ಹಾಕಿದಳು. ಅದನ್ನು ಅವಳಿಗೆ ಓದಿ ಹೇಳಿರಲಿಲ್ಲ, ವಿವರಿಸಿಯೂ ಇರಲಿಲ್ಲ.

ಸಿಸೇರಿಯನ್ ಆಯಿತು, ಮಗು ಉಳಿಯಲಿಲ್ಲ. ಅವಳ ಸ್ಥಿತಿ ಕೆಟ್ಟು ಐಸಿಯುನಲ್ಲಿ ಉಸಿರಾಟದ ಯಂತ್ರದ ಮೇಲಿದ್ದಳು. ರಕ್ತ ಕೊಡಬೇಕೆಂದು ವೈದ್ಯರಿಗೆ ಅನಿಸಿದರೂ ಸಹಿ ಮಾಡಿದ ಕಾಗದ ಅಡ್ಡ ಬಂತು. ಅವಳ ತಂದೆ ಮತ್ತು ಸಂಗಾತಿ ಕೋರ್ಟಿಗೆ ಹೋದರು. ಸ್ಥಿಮಿತದಲ್ಲಿರುವ ವಯಸ್ಕ ವ್ಯಕ್ತಿ ಜೀವ ಹೋಗುವುದಿದ್ದರೂ ಚಿಕಿತ್ಸೆ ಬೇಡ ಎನ್ನಬಹುದು, ಆ ಹಕ್ಕು ಪೂರ್ತಿ ಅವರದು ಎಂದು ನ್ಯಾಯಾಲಯ ಹೇಳಿತು. ಆದರೆ ಈ ಯುವತಿ ಆಡಿದ ಮಾತು ಈಗ ಬಂದಿರುವ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟು ಆಡಿದ್ದಲ್ಲ ಎಂದು ತೀರ್ಮಾನಿಸಿ, ರಕ್ತ ಕೊಟ್ಟದ್ದನ್ನು ಎತ್ತಿಹಿಡಿಯಿತು. ಫಾರಂ ಬಗ್ಗೆ ನ್ಯಾಯಮೂರ್ತಿ ಲಾರ್ಡ್ ಡೊನಾಲ್ಡ್‌ಸನ್ ಹೇಳಿದ ಸಂಗತಿ ನಮಗೆ ಮುಖ್ಯ. ಈ ಫಾರಂಗಳು ಮುಖ್ಯವಾಗಿ ಆಸ್ಪತ್ರೆಯನ್ನು ಮೊಕದ್ದಮೆಯಿಂದ ಕಾಪಾಡಲು ಮಾಡಿದಂಥವು. ರೋಗಿಗೆ ಅರ್ಥವಾಗದಿದ್ದರೆ, ವಿವರಿಸದಿದ್ದರೆ, ಅವು ಆ ಕೆಲಸಕ್ಕೂ ಬರುವುದಿಲ್ಲ. ಬೇಡ ಎಂದರೆ ಏನಾಗುತ್ತದೆ ಎಂಬುದು ರೋಗಿಯ ಕಣ್ಣಿಗೆ ಹೊಡೆಯುವಂತೆ ಅವನ್ನು ಹೊಸದಾಗಿ ಬರೆಯಬೇಕು ಎಂಬುದು ಅವರ ಮಾತಿನ ಸಾರ.

ಈಗ ನಮ್ಮ ಊರಿನ ಕಡೆ ಬರೋಣ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 24 ವರ್ಷದ ಹೆಣ್ಣುಮಗಳು, 36ನೇ ವಾರ, ತಾಲ್ಲೂಕು ಆಸ್ಪತ್ರೆಗೆ ತಪಾಸಣೆಗೆ ಬಂದಿದ್ದಾಳೆ. ಹಿಮೋಗ್ಲೋಬಿನ್ 6.2. ‘ಆರು ಪಾಯಿಂಟ್ ರಕ್ತ ಇದೆ’ ಎಂದು ಆಶಾ ಕಾರ್ಯಕರ್ತೆ ಮನೆಯವರಿಗೆ ಹೇಳಿದ್ದಾರೆ. ಗರ್ಭಿಣಿಯಲ್ಲಿ 11 ಇರಬೇಕು, 7ಕ್ಕಿಂತ ಕೆಳಗೆ ಇಳಿದರೆ ತೀವ್ರ ರಕ್ತಹೀನತೆ. ಎರಡು ಬಾಟ್ಲಿ ಕೆಂಪು ರಕ್ತಕಣ ಹಾಕಬೇಕು ಎನ್ನುತ್ತಾರೆ ವೈದ್ಯರು. ಒಂದು ಬಾಟ್ಲಿಗೆ ಸುಮಾರು ಒಂದು ಪಾಯಿಂಟ್ ಏರುತ್ತದೆ. ಜೊತೆಗೆ ಬಂದ ಅತ್ತೆ, ಗಂಡ ‘ಬೇಡ’ ಎನ್ನುತ್ತಾರೆ. ಗಂಡ ಸಹಿ ಹಾಕುತ್ತಾನೆ.

ಮೊದಲ ತಪ್ಪು ಇಲ್ಲೇ ಆಯಿತು. ಕನ್ನಡದ ಆ ‘ನಾವು’ ಬಹಳ ಅನುಕೂಲದ ಪದ, ಇಡೀ ಮನೆಯೇ ಅದರೊಳಗೆ ಅಡಗಿಕೊಳ್ಳುತ್ತದೆ. ಆದರೆ ಎಚ್ಚರವಿರುವ, ವಯಸ್ಕಳಾದ ರೋಗಿಯ ಪರವಾಗಿ ಬೇರೆಯವರು ತೀರ್ಮಾನ ಮಾಡುವಂತಿಲ್ಲ. ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಅರಿವಳಿಕೆಯಲ್ಲಿದ್ದ ಮಹಿಳೆಯ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಜೀವಕ್ಕೆ ತುರ್ತು ಇರಲಿಲ್ಲ, ಅವಳೇ ಎಚ್ಚರವಾದ ಮೇಲೆ ಕೇಳಬಹುದಿತ್ತು, ತಾಯಿಯ ಒಪ್ಪಿಗೆ ಸಲ್ಲದು ಎಂದಿತು ಕೋರ್ಟ್. ಒಪ್ಪಿಗೆ ಕೇಳುವ ಮುನ್ನ ರೋಗಿಗೆ ಏನೇನು ತಿಳಿಸಬೇಕು ಎಂಬ ಪಟ್ಟಿಯನ್ನೂ ಆ ತೀರ್ಪು ಕೊಟ್ಟಿದೆ. ಚಿಕಿತ್ಸೆ ಬೇಡವೆಂದರೆ ಆಗುವ ಕೆಡುಕೂ ಆ ಪಟ್ಟಿಯಲ್ಲಿದೆ. ಹಾಗಾಗಿ ಫಾರಂನ ಮೊದಲ ಪದ ‘ನಾನು’ ಆಗಬೇಕು. ಸಹಿ ಅಥವಾ ಹೆಬ್ಬೆಟ್ಟು ಅವಳದ್ದೇ ಆಗಬೇಕು. ಮನೆಯವರನ್ನು ಐದು ನಿಮಿಷ ಹೊರಗೆ ಕೂರಿಸಿ ನರ್ಸ್ ಅಥವಾ ವೈದ್ಯರು ಅವಳೊಬ್ಬಳನ್ನೇ ಕೇಳಿದ್ದಾರೆ ಎಂಬ ಒಂದು ಸಾಲೂ ಅಲ್ಲಿರಬೇಕು. ಇಂಗ್ಲೆಂಡಿನ ಆ ಯುವತಿಯ ವಿಷಯದಲ್ಲೂ ತಾಯಿಯ ಒತ್ತಡ ಎಷ್ಟಿತ್ತು ಎಂಬ ಪ್ರಶ್ನೆ ಎದ್ದಿತ್ತು.

ಎರಡನೆಯದು, ‘ರಕ್ತ’ ಎಂದರೆ ಯಾವುದು? ಆಸ್ಪತ್ರೆಯಲ್ಲಿ ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರೆ ಬೇರೆ ಚೀಲಗಳಲ್ಲಿ ಬರುತ್ತವೆ. ನೆಗೆಟಿವ್ ಗುಂಪಿನ ತಾಯಿಗೆ ಹಾಕುವ ಆಂಟಿ-ಡಿ ಚುಚ್ಚುಮದ್ದನ್ನೂ ಸಾಮಾನ್ಯವಾಗಿ ಮನುಷ್ಯರ ಪ್ಲಾಸ್ಮಾದಿಂದಲೇ ಮಾಡುತ್ತಾರೆ. ಧರ್ಮದ ಕಾರಣಕ್ಕೆ ರಕ್ತ ಬೇಡ ಎನ್ನುವವರಲ್ಲೇ ಕೆಲವರು ಇಂಥ ಚುಚ್ಚುಮದ್ದನ್ನು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಹೆದರಿಕೆಯಿಂದ ಬೇಡ ಎಂದವಳಿಗೆ ಅದರ ಬಗ್ಗೆ ತಕರಾರೇ ಇರಲಿಕ್ಕಿಲ್ಲ. ಒಂದೊಂದರ ಮುಂದೆ ‘ಬೇಕು’, ‘ಬೇಡ’ ಎಂದು ಗುರುತು ಹಾಕುವ ನಾಲ್ಕು ಸಾಲು ಇದ್ದರೆ ಊಹಿಸುವ ಕೆಲಸ ತಪ್ಪುತ್ತದೆ.

ಮೂರನೆಯದು ಸ್ಥಿತಿ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ನಮ್ಮ ಉದಾಹರಣೆಯ ಹೆಣ್ಣುಮಗಳು ಇಂದು ಒಪಿಡಿಯಲ್ಲಿ ನಡೆದಾಡಿಕೊಂಡಿದ್ದಾಳೆ. ಇಂದು ಬೇಡ ಎಂದಳು. ಹೆರಿಗೆಯಾದ ಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ? 11 ಇದ್ದವಳು ಅದನ್ನು ತಾಳಿಕೊಳ್ಳಬಹುದು, 6 ಇದ್ದವಳಿಗೆ ಅದೇ ಪ್ರಾಣಕ್ಕೆ ಬರಬಹುದು. ಆಗಲೂ ಬೇಡವೇ? ಅವಳಿಗೆ ಮಾತಾಡುವ ಎಚ್ಚರವೇ ಇಲ್ಲದಿದ್ದರೆ? ಈ ಎರಡು ಪ್ರಶ್ನೆಗಳನ್ನು ಮೊದಲೇ ಕೇಳಿ ಉತ್ತರ ಬರೆದುಕೊಳ್ಳದಿದ್ದರೆ, ಅವಳು ಹೇಳದ ಮಾತನ್ನು ವೈದ್ಯರೋ ಗಂಡನೋ ಆ ರಾತ್ರಿ ಊಹಿಸಬೇಕಾಗುತ್ತದೆ. ‘ಆಗಲೂ ಬೇಡ’ ಎಂದು ಅವಳು ತಿಳಿದೇ ಹೇಳಿದರೆ ಅದಕ್ಕೂ ತಲೆಬಾಗಬೇಕು. 1990ರಲ್ಲಿ ಕೆನಡಾದ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ, ಪ್ರಜ್ಞೆಯಿಲ್ಲದ ಮಹಿಳೆಯ ಬಳಿ ‘ರಕ್ತ ಬೇಡ’ ಎಂಬ ಕಾರ್ಡ್ ಇದ್ದೂ ರಕ್ತ ಕೊಟ್ಟ ವೈದ್ಯರು ಅವಳಿಗೆ ಪರಿಹಾರ ಕೊಡಬೇಕು ಎಂಬ ತೀರ್ಪನ್ನು ಎತ್ತಿಹಿಡಿಯಿತು. ಆ ಕಾರ್ಡ್ ಯಾವ ಸ್ಥಿತಿಯಲ್ಲೂ ಬೇಡ ಎಂದು ಬಿಡಿಸಿ ಹೇಳಿತ್ತು.

ನಾಲ್ಕನೆಯದು, ರಕ್ತದ ಬದಲು ಏನು? ‘ರಕ್ತ ಬೇಡ’ ಎಂದರೆ ‘ಚಿಕಿತ್ಸೆ ಬೇಡ’ ಎಂದಲ್ಲ. ನರಕ್ಕೆ ಕೊಡುವ ಕಬ್ಬಿಣಾಂಶದ ಚುಚ್ಚುಮದ್ದು ಇದೆ. ರಕ್ತಸ್ರಾವ ತಡೆಯಲು ಟ್ರಾನೆಕ್ಸಾಮಿಕ್ ಆಮ್ಲ ಇದೆ. ರಕ್ತನಿಧಿ, ಅರಿವಳಿಕೆ ತಜ್ಞರು ಇರುವ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಬಹುದು. ಇವುಗಳ ಮಿತಿಯನ್ನೂ ಹೇಳಬೇಕು. ಕಬ್ಬಿಣಾಂಶ ಕೆಲಸ ಮಾಡಲು ವಾರಗಳು ಬೇಕು. 28ನೇ ವಾರದಲ್ಲಿ ಅದು ಒಳ್ಳೆಯ ದಾರಿ, 36ನೇ ವಾರದಲ್ಲಿ ಕಾಲ ಸಾಲದೆ ಹೋಗಬಹುದು. ಇದನ್ನು ಮುಚ್ಚಿಟ್ಟರೆ ಇಂಗ್ಲೆಂಡಿನಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಬದಲಿ ಇದೆ ಎಂಬ ಧೈರ್ಯದ ಮೇಲೆ ಅವಳು ಬೇಡ ಎನ್ನುತ್ತಾಳೆ.

ಹೀಗೆ ಬರೆದರೆ ಹೇಗಿರುತ್ತದೆ?

‘ನನ್ನ ರಕ್ತ 6.2 ಇದೆ. ಎರಡು ಬಾಟ್ಲಿ ರಕ್ತ ಹಾಕಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಹಾಕಿಸಿಕೊಳ್ಳದಿದ್ದರೆ ಹೆರಿಗೆಯಲ್ಲಿ ರಕ್ತ ಹೋದಾಗ ನನ್ನ ಜೀವ ಹೋಗಬಹುದು, ಮಗುವಿಗೂ ತೊಂದರೆ ಆಗಬಹುದು ಎಂದು ತಿಳಿಸಿದ್ದಾರೆ. ಈಗ ನನಗೆ ರಕ್ತ ಬೇಡ. ನನ್ನ ಕಾರಣ: ____. ಹೆರಿಗೆಯಲ್ಲಿ ಜೀವಕ್ಕೆ ಬಂದರೆ: ಹಾಕಿ / ಆಗಲೂ ಬೇಡ. ಆಗ ನನಗೆ ಎಚ್ಚರ ಇಲ್ಲದಿದ್ದರೂ ಈ ಮಾತೇ ನಡೆಯಲಿ: ಹೌದು / ಇಲ್ಲ. ರಕ್ತದ ಬದಲು ನನಗೆ ಕೊಡುವ ಚಿಕಿತ್ಸೆ: ____. ಯಾವ ಹೊತ್ತಿನಲ್ಲಾದರೂ ನಾನು ಮನಸ್ಸು ಬದಲಾಯಿಸಬಹುದು, ಬಾಯಿಮಾತಿನಲ್ಲಿ ಹೇಳಿದರೂ ಸಾಕು.’

ಇದರ ಕೆಳಗೆ ವೈದ್ಯರು ಬರೆಯಬೇಕಾದ ಒಂದು ಸಾಲು ಇರಲಿ: ‘ನಾನು ಹೇಳಿದ್ದನ್ನು ಅವರು ತಮ್ಮ ಮಾತಿನಲ್ಲಿ ಹೀಗೆ ಹೇಳಿದರು: ____.’ ಸಹಿಗಿಂತ ಈ ಸಾಲು ಗಟ್ಟಿಯಾದ ಸಾಕ್ಷಿ. ‘ರಕ್ತಪೂರಣ’ದಂಥ ಪದ ಬೇಡ, ಜನ ಆಡುವ ‘ರಕ್ತ ಹಾಕುವುದು’ ಸಾಕು.

ಕಾರಣದ ಸಾಲನ್ನು ಬಿಡಬಾರದು. ಕಾರಣ ನಂಬಿಕೆಯಾದರೆ ಅದು ಅವಳದ್ದು, ವಾದ ಮಾಡುವಂತಿಲ್ಲ. ರೋಗ ಅಂಟುತ್ತದೆ ಎಂಬ ಹೆದರಿಕೆಯಾದರೆ, ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸುವುದು ಕಡ್ಡಾಯ ಎಂದು ಹೇಳಬಹುದು. ಖರ್ಚಿನ ಚಿಂತೆಯಾದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಗರ್ಭಿಣಿಗೆ ರಕ್ತ ಉಚಿತ. ಗಂಡ ರಕ್ತ ಕೊಟ್ಟರೆ ಸೊರಗುತ್ತಾನೆ, ಕೂಲಿ ಹೋಗುತ್ತದೆ ಎಂಬ ಚಿಂತೆಗೂ ಮಾತಾಡಿ ಪರಿಹಾರ ಹುಡುಕಬಹುದು. ಕಾರಣ ಕೇಳದೆ ಸಹಿ ತೆಗೆದುಕೊಂಡರೆ ಇವೆಲ್ಲ ಒಂದೇ ‘ನಿರಾಕರಿಸಿರುತ್ತೇವೆ’ಯ ಅಡಿ ಹೂತುಹೋಗುತ್ತವೆ.

ಮನಸ್ಸು ಬದಲಾಯಿಸುವ ಸಾಲಿಗೂ ಒಂದು ಷರತ್ತಿದೆ. ಗುಂಪು ನೋಡಿ, ಹೊಂದಾಣಿಕೆ ಪರೀಕ್ಷೆ ಮಾಡಿ ಕೊಡಲು ರಕ್ತ ಕೈಯಲ್ಲಿದ್ದರೂ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಜಿಲ್ಲಾ ಕೇಂದ್ರದಿಂದ ತರಿಸಬೇಕಾದರೆ ದಾರಿಯ ಹೊತ್ತೂ ಸೇರುತ್ತದೆ. ‘ಬೇಕೆಂದರೆ ರಕ್ತ ಎಲ್ಲಿಂದ, ಎಷ್ಟು ಹೊತ್ತಿನಲ್ಲಿ ಬರುತ್ತದೆ’ ಎಂಬುದನ್ನೂ ಫಾರಂನಲ್ಲಿ ಬರೆಯಬೇಕು. ಅದನ್ನು ಓದಿದ ಮೇಲೆ ಹೆರಿಗೆಗೆ ಮುಂಚೆಯೇ ಜಿಲ್ಲಾ ಆಸ್ಪತ್ರೆಗೆ ಹೋಗುವ ತೀರ್ಮಾನವನ್ನು ಅವಳೇ ಮಾಡಬಹುದು.

ನೂರಾರು ರೋಗಿಗಳ ನಡುವೆ ಇಷ್ಟೆಲ್ಲ ಬರೆಯಲು ಪುರುಸೊತ್ತು ಎಲ್ಲಿ ಎಂದು ವೈದ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಕ್ತ ಸುರಿಯುತ್ತಿರುವ ಹೊತ್ತಿನಲ್ಲಿ ಇದು ಆಗದ ಮಾತು. ಆದರೆ ರಕ್ತಹೀನತೆ ತಿಂಗಳುಗಳ ಮೊದಲೇ ತಾಯಿ ಕಾರ್ಡಿನಲ್ಲಿ ಕಾಣುತ್ತದೆ. ಆಗಲೇ ಒಂದು ಪುಟದ ಫಾರಂ ಹಿಡಿದು ಕೂತರೆ ಹತ್ತು ನಿಮಿಷದ ಕೆಲಸ. ‘ಹೊಣೆಯಲ್ಲ’ ಎಂದು ಬರೆಸಿಕೊಂಡ ಮಾತ್ರಕ್ಕೆ ಕಬ್ಬಿಣಾಂಶ ಕೊಡದೆ ಬಿಟ್ಟ, ಮೇಲಿನ ಆಸ್ಪತ್ರೆಗೆ ಕಳಿಸದೆ ಬಿಟ್ಟ ಹೊಣೆ ತಪ್ಪುವುದೂ ಇಲ್ಲ. ಏನು ಹೇಳಿದೆವು, ಅವಳು ಏನು ಹೇಳಿದಳು, ಆಮೇಲೆ ಏನು ಮಾಡಿದೆವು ಎಂಬ ಬರಹವೇ ವೈದ್ಯರನ್ನೂ ಕಾಯುವುದು.

ಇಲ್ಲಿ ಹೇಳಿದ್ದೆಲ್ಲ ವಯಸ್ಕರ ಮಾತು. ಮಕ್ಕಳಿಗೆ ರಕ್ತ ಬೇಡ ಎಂದು ತಂದೆತಾಯಿ ಹೇಳುವ ವಿಷಯದ ಕಾನೂನೇ ಬೇರೆ, ಅದಕ್ಕೆ ಈ ಫಾರಂ ಬಳಸಬಾರದು. ಉಳಿದಂತೆ ಆರೋಗ್ಯ ಇಲಾಖೆ ಒಂದು ಪುಟದ ಕನ್ನಡ ನಮೂನೆ ಮಾಡಿ ಎಲ್ಲ ಹೆರಿಗೆ ವಾರ್ಡುಗಳಿಗೆ ಕಳಿಸಬೇಕು. ಅಲ್ಲಿಯವರೆಗೆ ಹಳೆಯ ಕಾಗದವನ್ನೇ ಹಿಡಿದು ಯಾರಾದರೂ ಸಹಿ ಕೇಳಿದರೆ, ರೋಗಿ ತನ್ನ ಕೈಯಿಂದಲೇ ಎರಡು ಸಾಲು ಸೇರಿಸಬಹುದು: ಯಾವ ಸ್ಥಿತಿಯಲ್ಲಿ ಬೇಡ, ಯಾವ ಸ್ಥಿತಿಯಲ್ಲಿ ಬೇಕು. ಬರೆಯಲು ಬಾರದಿದ್ದರೆ ನರ್ಸ್ ಕೈಯಲ್ಲಿ ಬರೆಸಿ, ಓದಿಸಿಕೊಂಡು ಆಮೇಲೆ ಹೆಬ್ಬೆಟ್ಟು ಒತ್ತಬಹುದು.