ಸೊನ್ನೆ ಬಡ್ಡಿಗೆ ನೂರಕ್ಕೆ ಹದಿನಾಲ್ಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಬೆಳೆಗಾರರಿಗೆ ಹಣ ಬರುವುದು ಕೊಯ್ಲಿನ ನಂತರ. ಕ್ರೆಡಿಟ್ ಕಾರ್ಡಿನ ಬಿಲ್ ಬರುವುದು ಮಾತ್ರ ತಿಂಗಳು ತಿಂಗಳೂ. ಆಗ ‘ನಿಮ್ಮ ಬಾಕಿಯನ್ನು ನಮ್ಮ ಕಾರ್ಡಿಗೆ ವರ್ಗಾಯಿಸಿ, ಮೂರು ತಿಂಗಳು ಬಡ್ಡಿಯೇ ಇಲ್ಲ’ ಎಂಬ ಸಂದೇಶ ಆಪ್ತವಾಗಿ ಕಾಣುತ್ತದೆ. ಲೆಕ್ಕ ಹಾಕೋಣ. ಬಾಕಿ 60,000 ರೂಪಾಯಿ, ಸಂಸ್ಕರಣಾ ಶುಲ್ಕ ಶೇ. 2 ಎಂದುಕೊಳ್ಳಿ: 1,200 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,416. ತಿಂಗಳಿಗೆ 20,000ದಂತೆ ತೀರಿಸಿದರೆ ಮೊದಲ ತಿಂಗಳು 60, ಆಮೇಲೆ 40, ಕೊನೆಗೆ 20 ಸಾವಿರ ಮಾತ್ರ ನಿಮ್ಮ ಬಳಿ ಉಳಿದಿರುತ್ತದೆ. ಅಂದರೆ ಸರಾಸರಿ 40,000ಕ್ಕೆ ಮೂರು ತಿಂಗಳಿಗೆ 1,416. ವರ್ಷದ ಲೆಕ್ಕದಲ್ಲಿ ನೂರಕ್ಕೆ ಸುಮಾರು 14! ಆದರೂ ಹಳೆಯ ಕಾರ್ಡಿನಲ್ಲಿ ತಿಂಗಳಿಗೆ ಶೇ. 3.5ರ ದರವಿದ್ದರೆ ಇದೇ ಮೂರು ತಿಂಗಳಿಗೆ ಬಡ್ಡಿ, ಜಿಎಸ್‌ಟಿ ಸೇರಿ 4,956 ಆಗುತ್ತಿತ್ತು. ಹಾಗಾಗಿ ವರ್ಗಾವಣೆ ಲಾಭವೇ, ಆದರೆ ಗಡುವಿನೊಳಗೆ ತೀರಿಸಿದರೆ ಮಾತ್ರ. ಆಗಸ್ಟಿನಲ್ಲಿ ವರ್ಗಾಯಿಸಿದರೆ ಗಡುವು ಮುಗಿಯುವುದು ನವೆಂಬರಿನಲ್ಲಿ. ಆಗ ಹೆಚ್ಚಿನ ಅಡಿಕೆ ಇನ್ನೂ ಮಂಡಿಗೆ ಹೋಗಿರುವುದಿಲ್ಲ. ಉಳಿದ ಬಾಕಿ ಹೊಸ ಕಾರ್ಡಿನ ಮಾಮೂಲಿ ದರಕ್ಕೆ ಬೀಳುತ್ತದೆ. ಬಾಕಿ ಇರುವ ಕಾರ್ಡಿನಲ್ಲಿ ಹೊಸದಾಗಿ ಏನಾದರೂ ಕೊಂಡರೆ ಅದಕ್ಕೂ ಸಾಮಾನ್ಯವಾಗಿ ಕೊಂಡ ದಿನದಿಂದಲೇ ಬಡ್ಡಿ. ವರ್ಷಕ್ಕೆ ಶೇ. 12ರಲ್ಲಿ ಚಿನ್ನದ ಸಾಲ ಸಿಕ್ಕರೆ ಇದೇ ತೀರುವಳಿಗೆ ಬಡ್ಡಿ 1,200 ಅಷ್ಟೇ, ಅವಧಿಯನ್ನೂ ಕೊಯ್ಲಿಗೆ ಹೊಂದಿಸಿಕೊಳ್ಳಬಹುದು. ಒಪ್ಪಿಗೆ ಕೊಡುವ ಮುನ್ನ ಕೇಳಬೇಕಾದ್ದು ಎರಡೇ: ಶುಲ್ಕ ಜಿಎಸ್‌ಟಿ ಸೇರಿ ಎಷ್ಟು, ಗಡುವಿನ ಮರುದಿನದ ದರ ಎಷ್ಟು?