ಶೇಕಡಾವಾರಿನ ಸರಾಸರಿ ಹಾಜರಿಯಲ್ಲ

ಹಡಪಸರದ ಸಿಬಿಎಸ್‌ಇ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಕನ್ನಡದ ಮನೆಗಳಿಗೆ 75 ಎಂಬ ಅಂಕಿ ಚಿರಪರಿಚಿತ. ಹತ್ತು, ಹನ್ನೆರಡನೆಯ ತರಗತಿಯ ಮಂಡಳಿ ಪರೀಕ್ಷೆಗೆ ಕೂರಲು ಶೇ. 75ರಷ್ಟು ಹಾಜರಿ ಬೇಕು. ಅದಕ್ಕಿಂತ ಕೆಳಗಿಳಿದವರ ಹೆಸರು ಹಾಜರಿ ಪಟ್ಟಿಯಲ್ಲಿ ಕೆಂಪಾಗುತ್ತದೆ. ಆ ಕೆಂಪು ಹೇಗೆ ಹುಟ್ಟಿತೆಂಬುದನ್ನು ಪೋಷಕರು ಕೇಳಬೇಕೆಂಬುದು ನನ್ನ ವಾದ.

ಒಂದು ಶಾಲೆ ಜೂನ್ ಮಧ್ಯದಲ್ಲಿ ತೆರೆಯಿತೆಂದುಕೊಳ್ಳೋಣ. ಜೂನ್‌ನಲ್ಲಿ 10, ಜುಲೈನಲ್ಲಿ 24, ಆಗಸ್ಟ್‌ನಲ್ಲಿ 20 ದಿನ ತರಗತಿ ನಡೆಯಿತು. ಊರಿಗೆ ಹೋಗಿದ್ದ ಹುಡುಗನೊಬ್ಬ ಕ್ರಮವಾಗಿ 4, 21, 17 ದಿನ ಬಂದ. ತಿಂಗಳ ಶೇಕಡಾವಾರುಗಳು 40, 87.5, 85. ಈ ಮೂರನ್ನು ಕೂಡಿಸಿ ಮೂರರಿಂದ ಭಾಗಿಸಿದರೆ 70.8, ಹೆಸರು ಕೆಂಪಾಗುತ್ತದೆ. ಆದರೆ ಆತ 54 ದಿನಗಳಲ್ಲಿ 42 ದಿನ ಬಂದಿದ್ದಾನೆ, ಅಂದರೆ ಶೇ. 77.8. ಹತ್ತು ದಿನದ ಜೂನ್‌ಗೂ ಇಪ್ಪತ್ತನಾಲ್ಕು ದಿನದ ಜುಲೈಗೂ ಒಂದೇ ತೂಕ ಕೊಟ್ಟದ್ದೇ ತಪ್ಪು. ಜೂನ್‌ನಲ್ಲಿ 10, ಅನಂತರ 16, 13 ದಿನ ಬಂದ ಹುಡುಗಿಯ ವಿಷಯದಲ್ಲಿ ಇದೇ ತಪ್ಪು ತಿರುವುಮುರುವಾಗುತ್ತದೆ: ಸರಾಸರಿ 77.2, ನಿಜವಾದ ಹಾಜರಿ 72.2. ಎಚ್ಚರಿಸಬೇಕಾದವಳನ್ನು ಪಟ್ಟಿ ಎಚ್ಚರಿಸುವುದೇ ಇಲ್ಲ.

ಆದ್ದರಿಂದ ದಿನಗಳನ್ನು ಕೂಡಿಸಿ, ಕೊನೆಯಲ್ಲಿ ಒಮ್ಮೆ ಮಾತ್ರ ಭಾಗಿಸಬೇಕು. ಅದರ ಪಕ್ಕದಲ್ಲಿ ಇನ್ನೊಂದು ಕಂಬಸಾಲೂ ಇರಲಿ: ಉಳಿದಿರುವ ಗೈರು. ವರ್ಷಕ್ಕೆ 210 ದಿನವಾದರೆ 158 ದಿನ ಬರಲೇಬೇಕು, 52 ದಿನ ತಪ್ಪಬಹುದು. ಆ ಹುಡುಗಿ 15 ದಿನ ತಪ್ಪಿದ್ದಾಳೆ; 37 ಉಳಿದಿವೆ. ದೀಪಾವಳಿಗೆ ಊರಿನ ರೈಲು ಟಿಕೆಟು ಕಾದಿರಿಸುವಾಗ ಕೆಂಪು ಗುರುತಿಗಿಂತ ಈ ಸಂಖ್ಯೆಯೇ ಮನೆಯವರಿಗೆ ಉಪಯುಕ್ತ.