ಕೊನೆಯ ಉತ್ತರ ತಪ್ಪಾದರೆ ಗಣಿತದಲ್ಲಿ ಸೊನ್ನೆ ಅಂಕವೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪಾಲಕರ ಮೊಬೈಲ್‌ಗಳಲ್ಲಿ ಎರಡು ಮಾತು ಓಡಾಡುತ್ತವೆ. ಕೊನೆಯ ಉತ್ತರ ತಪ್ಪಾದರೆ ಸೊನ್ನೆ ಎಂಬುದು ಒಂದು. ಏನಾದರೂ ಬರೆದಿದ್ದರೆ ಅರ್ಧ ಅಂಕ ಖಚಿತ ಎಂಬುದು ಇನ್ನೊಂದು. ಎರಡೂ ಸರಿಯಲ್ಲ.

ರಾಜ್ಯ ಪರೀಕ್ಷಾ ಮಂಡಳಿ ಮಾದರಿ ಉತ್ತರ ಕೊಡುವಾಗ ಯಾವ ಹಂತಕ್ಕೆ ಎಷ್ಟು ಅಂಕ ಎಂದೂ ಬರೆದಿರುತ್ತದೆ. ಮೌಲ್ಯಮಾಪಕರು ಅದನ್ನು ನೋಡಿ ಹಂತ ಹಂತವಾಗಿ ಅಂಕ ಹಾಕುತ್ತಾರೆ. ಇದು ಹೇಗೆಂದು ಒಂದು ಲೆಕ್ಕದಲ್ಲೇ ನೋಡೋಣ.

A(1, 1), B(4, 5), C(8, 2) ಬಿಂದುಗಳು ಲಂಬಕೋನ ತ್ರಿಭುಜ ಆಗುತ್ತವೆಂದು ಸಾಧಿಸಬೇಕು. ಇದಕ್ಕೆ 3 ಅಂಕ ಎಂದುಕೊಳ್ಳೋಣ. ದೂರದ ಸೂತ್ರಕ್ಕೆ ½, ಮೂರು ಬಾಹುಗಳ ವರ್ಗಕ್ಕೆ ತಲಾ ½, ಪೈಥಾಗೊರಸ್ ಪ್ರಮೇಯದ ವಿಲೋಮ ಬಳಸಿದ್ದಕ್ಕೆ ½, ತೀರ್ಮಾನಕ್ಕೆ ½ ಎಂದು ಹಂಚೋಣ. ಸರಿಯಾದ ಲೆಕ್ಕ ಹೀಗಿದೆ:

AB² = 3² + 4² = 25
BC² = 4² + 3² = 25
AC² = 7² + 1² = 50

25 + 25 = 50, ಆದ್ದರಿಂದ B ಯಲ್ಲಿ ಲಂಬಕೋನ.

ಮೊದಲ ವಿದ್ಯಾರ್ಥಿ ಎಲ್ಲವನ್ನೂ ಸರಿಯಾಗಿ ಬರೆದು, 49ಕ್ಕೆ 1 ಕೂಡಿಸುವ ಬದಲು ಕಳೆದು AC² = 48 ಎಂದ. ಹೋಲಿಸಿ ನೋಡಿ, ಲಂಬಕೋನ ಇಲ್ಲ ಎಂದು ಮುಗಿಸಿದ. ಅವನಿಗೆ AC² ಹಂತದ ½ ಮತ್ತು ತೀರ್ಮಾನದ ½ ಹೋಗುತ್ತದೆ. ಉಳಿದ 2 ಅಂಕ ಅವನದೇ.

ಎರಡನೆಯ ವಿದ್ಯಾರ್ಥಿನಿ AB², BC² ಕಂಡುಹಿಡಿದು, AC² = AB² + BC² = 50, ಆದ್ದರಿಂದ ಲಂಬಕೋನ ಎಂದು ಬರೆದಳು. ಕೊನೆಯ ಸಾಲು ಸರಿಯೇ ಇದೆ. ಆದರೆ A ಮತ್ತು C ನಡುವಿನ ದೂರವನ್ನು ಅವಳು ಅಳೆಯಲೇ ಇಲ್ಲ. ಯಾವುದನ್ನು ಸಾಧಿಸಬೇಕಿತ್ತೋ ಅದನ್ನೇ ನಿಜವೆಂದು ಮೊದಲೇ ಹಿಡಿದಳು. ಸೂತ್ರ ಮತ್ತು ಎರಡು ಬಾಹುಗಳಿಗೆ ಅವಳಿಗೆ ಸಿಗುವುದು 1½ ಮಾತ್ರ. ಹೀಗೆ ಕೊನೆ ತಪ್ಪಿದವನಿಗೇ ಹೆಚ್ಚು ಅಂಕ ಬಂತು.

ಇದಕ್ಕೆ ಕಾರಣವಿದೆ. ಸಾಧಿಸಿ ಎನ್ನುವ ಪ್ರಶ್ನೆಯಲ್ಲಿ ಕೊನೆಯ ಸಾಲು ಪ್ರಶ್ನೆಯಲ್ಲೇ ಇರುತ್ತದೆ. ಅದನ್ನು ನೋಡಿ ಬರೆಯುವುದು ಯಾರಿಗೂ ಕಷ್ಟವಲ್ಲ. ಬೆಲೆ ಇರುವುದು ಅಲ್ಲಿಗೆ ತಲುಪಿದ ದಾರಿಗೆ.

ಇದಕ್ಕೂ ಮಿತಿ ಇದೆ. ತಪ್ಪು ಸೂತ್ರದಿಂದಲೇ ಶುರು ಮಾಡಿದರೆ ಮುಂದಿನ ಹಂತಗಳಿಗೆ ಆಧಾರವೇ ಇರುವುದಿಲ್ಲ. ಬಹು ಆಯ್ಕೆ ಪ್ರಶ್ನೆಯಲ್ಲಿ ದಾರಿಗೆ ಅಂಕವೇ ಇಲ್ಲ.

ಅಂಕ ಕಡಿಮೆ ಬಂದಿದೆ ಎನಿಸಿದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆದು, ಮಂಡಳಿಯ ಮಾದರಿ ಉತ್ತರದ ಪಕ್ಕದಲ್ಲಿಟ್ಟು ಒಂದೊಂದೇ ಹಂತ ನೋಡಿ. ಹಾಕಿದ ಅಂಕಗಳನ್ನು ಕೂಡಿಸುವಾಗ ತಪ್ಪಾಗಿದ್ದರೆ ಮರುಎಣಿಕೆ ಸಾಕು. ಸರಿಯಾದ ಹಂತಕ್ಕೆ ಅಂಕವೇ ಬಿದ್ದಿಲ್ಲವಾದರೆ ಮರುಎಣಿಕೆಯಿಂದ ಏನೂ ಬದಲಾಗದು. ಅದಕ್ಕೆ ಮರುಮೌಲ್ಯಮಾಪನವನ್ನೇ ಕೇಳಬೇಕು.